ಬೀಗದ ಕೈ ಕೊಡುವ ದಿನದ ಸಂದೇಶ

ಸುದ್ದಗುಂಟೆಪಾಳ್ಯದಲ್ಲಿ ಮೇ ಕೊನೆ ಬಂತೆಂದರೆ ಗೇಟುಗಳ ಮೇಲೆ 'ಟು-ಲೆಟ್' ಬೋರ್ಡು ಹತ್ತುವುದೂ ಇಳಿಯುವುದೂ ನಡೆದೇ ಇರುತ್ತದೆ. ಪಕ್ಕದಲ್ಲೇ ಕ್ರೈಸ್ಟ್ ವಿಶ್ವವಿದ್ಯಾಲಯ, ಅತ್ತ ಕೋರಮಂಗಲ, ಇತ್ತ ಬಿಟಿಎಂ ಲೇಔಟ್. ಓದುವವರೂ ಕೆಲಸಕ್ಕೆ ಹೋಗುವವರೂ ಒಂದೆರಡು ವರ್ಷ ಇದ್ದು ಹೊರಡುವ ಜಾಗವಿದು. ಇಲ್ಲಿ ಮಾತಾಡುತ್ತಿರುವವರು ಇಬ್ಬರು. ಒಬ್ಬಳು ಎರಡನೇ ಮಹಡಿಯ ಒಂದು ಬೆಡ್‌ರೂಮಿನ ಮನೆಯನ್ನು ಖಾಲಿ ಮಾಡುತ್ತಿರುವ ಹುಡುಗಿ. ಇನ್ನೊಬ್ಬರು ಪಕ್ಕದ ಬೀದಿಯಲ್ಲಿ ಸ್ವಂತ ಮನೆಯ ಮೂರು ಪೋರ್ಷನ್‌ಗಳನ್ನು ಬಹಳ ವರ್ಷಗಳಿಂದ ಬಾಡಿಗೆಗೆ ಕೊಡುತ್ತಾ ಬಂದಿರುವ ಹಿರಿಯ ಮಹಿಳೆ.

ಕಿರಿಯಳು: ಆಂಟಿ, ಶನಿವಾರ ಮನೆ ಖಾಲಿ ಮಾಡ್ತಿದ್ದೀನಿ. ಓನರ್ ಊರಲ್ಲಿಲ್ಲ, ಅವರ ತಮ್ಮ ಬಂದು ಕೀ ತಗೊಳ್ತಾರಂತೆ. ಓನರ್‌ಗೆ ಕಳಿಸೋಕೆ ಒಂದು ಮೆಸೇಜ್ ಬರೆದಿಟ್ಟುಕೊಂಡಿದ್ದೀನಿ. "ಸರ್, ಮನೆ ಖಾಲಿ ಮಾಡಿದ್ದೀನಿ, ಕೀ ಕೊಟ್ಟಿದ್ದೀನಿ, ಅಡ್ವಾನ್ಸ್ ಬೇಗ ಹಾಕಿ." ಇಷ್ಟು ಸಾಕಾ?

ಹಿರಿಯರು: ಸಾಲದಮ್ಮ. ನಿಮ್ಮ ಓನರ್ ಊರಿಂದ ಬರೋದು ಯಾವಾಗ?

ಕಿರಿಯಳು: ಮೂರು ವಾರ ಆಗುತ್ತಂತೆ.

ಹಿರಿಯರು: ಆ ಮೂರು ವಾರದಲ್ಲಿ ಕೀ ಅವರ ತಮ್ಮನ ಹತ್ತಿರ ಇರುತ್ತೆ. ಮನೆ ನೋಡೋಕೆ ನಾಲ್ಕು ಜನ ಬರ್ತಾರೆ, ಬ್ರೋಕರ್ ಬರ್ತಾನೆ, ಪೇಂಟರ್ ಏಣಿ ತಂದು ನಿಲ್ಲಿಸ್ತಾನೆ. ಆಮೇಲೆ ಓನರ್ ಬಂದು ನೋಡಿದಾಗ ವಾಶ್‌ಬೇಸಿನ್ ಅಂಚು ಒಡೆದಿದ್ದರೆ ಅದು ನಿನ್ನ ಕಾಲದಲ್ಲಿ ಒಡೆದದ್ದೋ ಆಮೇಲೆ ಒಡೆದದ್ದೋ ಯಾರು ಹೇಳಬೇಕು? ಅವರು ಸುಳ್ಳು ಹೇಳ್ತಾರೆ ಅಂತ ನಾನು ಹೇಳ್ತಿಲ್ಲ. ಅವರಿಗೂ ಗೊತ್ತಿರಲ್ಲ. ಗೊತ್ತಿಲ್ಲದೆ ಇದ್ದಾಗ ಯಾರಾದ್ರೂ ಖಾಲಿ ಮಾಡಿ ಹೋದವರ ಮೇಲೇ ಅನುಮಾನ ಪಡ್ತಾರೆ. ಅಡ್ವಾನ್ಸ್ ಅವರ ಕೈಯಲ್ಲೇ ಇರುತ್ತಲ್ಲ, ಆ ಅನುಮಾನ ನೇರವಾಗಿ ಕಡಿತ ಆಗಿಬಿಡುತ್ತೆ.

ಕಿರಿಯಳು: ಹಾಗಾದ್ರೆ ಮೆಸೇಜ್‌ನಲ್ಲಿ ಏನಿರಬೇಕು?

ಹಿರಿಯರು: ಆ ಮೆಸೇಜ್ ಎರಡು ಕೆಲಸ ಮಾಡಬೇಕು. ಮನೆ ಯಾವ ದಿನ, ಎಷ್ಟು ಗಂಟೆಗೆ ನಿನ್ನ ಸ್ವಾಧೀನದಿಂದ ಅವರ ಸ್ವಾಧೀನಕ್ಕೆ ಹೋಯ್ತು ಅನ್ನೋದನ್ನ ಗೊತ್ತು ಮಾಡಬೇಕು, ಅದು ಮೊದಲನೇದು. ಬಾಡಿಗೆ ನಿಲ್ಲೋದು ಅಲ್ಲಿಗೆ. ಎರಡನೇದು, ಆ ಗಳಿಗೆಯಲ್ಲಿ ಮನೆ ಯಾವ ಸ್ಥಿತಿಯಲ್ಲಿತ್ತು ಅಂತ ತೋರಿಸಬೇಕು. ಅಡ್ವಾನ್ಸ್ ಬೇಗ ಹಾಕಿ ಅನ್ನೋದು ಇವೆರಡರ ಮೇಲೆ ನಿಲ್ಲೋ ಮಾತು.

ಕಿರಿಯಳು: ಸ್ಥಿತಿ ಅಂದ್ರೆ, ನಾನು ಬಂದಾಗ ಹೇಗಿತ್ತೋ ಹಾಗೇ ಇರಬೇಕಾ? ಎರಡು ವರ್ಷ ಇದ್ದೀನಿ. ಗೋಡೆ ಬಣ್ಣ ಮಾಸಿದೆ, ಬಾತ್‌ರೂಮ್‌ನಲ್ಲಿ ಬಿಳಿ ಕಟ್ಟಿದೆ.

ಹಿರಿಯರು: ಕಾನೂನು ಅಷ್ಟು ಕೇಳಲ್ಲ. ನಮ್ಮಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ, ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಇರೋ ಮನೆಗಳು ಅದರ ಹೊರಗೆ. ಪಾಳ್ಯದಲ್ಲಿ ಆ ದುಡ್ಡಿಗೆ ಈಗ ಮನೆ ಎಲ್ಲಿದೆ? ಹಾಗಾಗಿ ನಿನ್ನ ಕರಾರಿನ ಜೊತೆ ಲೆಕ್ಕಕ್ಕೆ ಬರೋದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಸೆಕ್ಷನ್ ಹೇಳೋದು ಇಷ್ಟು: ಸ್ವಾಧೀನಕ್ಕೆ ತಗೊಂಡಾಗ ಮನೆ ಎಷ್ಟು ಚೆನ್ನಾಗಿತ್ತೋ ಅಷ್ಟೇ ಚೆನ್ನಾಗಿ ವಾಪಸ್ ಕೊಡಬೇಕು, ಆದರೆ ಸಹಜ ಬಳಕೆಯಿಂದ ಸವೆದದ್ದು, ತಡೆಯಲಾಗದ ಕಾರಣದಿಂದ ಆದದ್ದು ಬಾಡಿಗೆದಾರರ ತಲೆಗೆ ಬರಲ್ಲ.

ಕಿರಿಯಳು: ಸಹಜ ಸವೆತ ಯಾವುದು, ನಾನು ಹಾಳು ಮಾಡಿದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಹಿರಿಯರು: ಕಾರಣ ನೋಡಬೇಕು. ನಮ್ಮ ಕಡೆ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಗಡಸು. ನಲ್ಲಿ ಬಾಯಿಗೆ, ಗೀಸರ್ ಒಳಗೆ ಸುಣ್ಣದ ಥರ ಕಟ್ಟೇ ಕಟ್ಟುತ್ತೆ. ಯಾರೇ ಇದ್ದಿದ್ದರೂ ಕಟ್ಟುತ್ತಿತ್ತು, ಅದು ಸವೆತ. ಅದೇ ಬೇಸಿನ್ ಅಂಚು ಚಕ್ಕೆ ಎದ್ದಿದ್ದರೆ ಅದರ ಮೇಲೆ ಏನೋ ಬಿದ್ದಿದೆ, ಅದು ಹಾನಿ. ಬಿಸಿಲಿಗೆ ಬಣ್ಣ ಮಾಸೋದು ಸವೆತ, ಡ್ರಿಲ್ ಹಾಕಿ ಟಿವಿ ತೂಗು ಹಾಕಿ ಗಾರೆ ಕಿತ್ತು ಬಂದರೆ ಹಾನಿ. ಬಾತ್‌ರೂಮ್ ಬಾಗಿಲಿನ ಕೆಳಗಂಚು ನೀರು ಕುಡಿದು ಉಬ್ಬೋದು ಸವೆತ, ಬಾಗಿಲಿಗೆ ತೂತು ಬಿದ್ದರೆ ಹಾನಿ. ನಿನ್ನ ಮನೆಯಲ್ಲಿ ಮುಖ್ಯವಾಗಿ ಏನೇನಿದೆ?

ಕಿರಿಯಳು: ಬಾತ್‌ರೂಮ್ ಬಾಗಿಲು ಉಬ್ಬಿದೆ. ಅಡುಗೆಮನೆ ಕಿಟಕಿಯ ಸೊಳ್ಳೆ ಪರದೆ ಹರಿದಿದೆ, ಅದು ನಾವೇ ಮಾಡಿದ್ದು. ಬೆಡ್‌ರೂಮ್ ಗೋಡೆ ಮೇಲ್ಗಡೆ ತೇವದ ಕಲೆ ಇದೆ. ಕಲೆ ಬಗ್ಗೆ ನನಗೆ ಭಯ.

ಹಿರಿಯರು: ಆ ಗೋಡೆ ಆಚೆ ಏನಿದೆ? ಮೇಲೆ ಏನಿದೆ?

ಕಿರಿಯಳು: ಹೊರಗೋಡೆ ಅಲ್ಲ. ಮೇಲಿನ ಮನೆಯ ಬಾತ್‌ರೂಮ್ ಅದೇ ಮೂಲೆಯಲ್ಲಿ ಬರುತ್ತೆ. ಮಾರ್ಚ್‌ನಲ್ಲೂ ಒಣಗಲಿಲ್ಲ.

ಹಿರಿಯರು: ಮಳೆ ನೀರು ಹೊರಗೋಡೆಯಿಂದ ಇಳಿದಿದ್ದರೆ ಮಳೆ ನಿಂತ ಮೇಲೆ ನಿಧಾನಕ್ಕೆ ಒಣಗುತ್ತಿತ್ತು. ಬೇಸಿಗೆಯಲ್ಲೂ ಹಸಿಯಾಗೇ ಇದೆ ಅಂದ್ರೆ ಮೇಲಿನ ಪೈಪಿಂದಲೋ ಬಾತ್‌ರೂಮ್ ನೆಲದಿಂದಲೋ ಸೋರ್ತಿರಬೇಕು. ಅದು ಕಟ್ಟಡದ ದೋಷ, ಓನರ್ ರಿಪೇರಿ ಮಾಡಿಸಬೇಕಾದ್ದು. ನೀನು ಮೊದಲೇ ತಿಳಿಸಿದ್ದೀಯಾ?

ಕಿರಿಯಳು: ಹೋದ ಮಳೆಗಾಲದಲ್ಲಿ ಒಂದು ಫೋಟೊ ಹಾಕಿ "ನೋಡಿ ಸರ್" ಅಂತ ಕಳಿಸಿದ್ದೆ. "ನೋಡ್ತೀನಿ" ಅಂದಿದ್ರು.

ಹಿರಿಯರು: ಆ ಹಳೇ ಮೆಸೇಜ್ ಹುಡುಕಿಟ್ಟುಕೋ. ಖಾಲಿ ಮಾಡೋ ದಿನದ ಫೋಟೊ ಇವತ್ತು ಕಲೆ ಇದೆ ಅಂತ ಹೇಳುತ್ತೆ. ಯಾವಾಗಿಂದ ಇದೆ, ಓನರ್‌ಗೆ ಯಾವಾಗಿಂದ ಗೊತ್ತು ಅನ್ನೋದನ್ನ ಹೇಳೋದು ಆ ಮೆಸೇಜ್. ಸರಿ, ಮನೆಗೆ ಬಂದ ದಿನದ ಫೋಟೊ ಇದೆಯಾ?

ಕಿರಿಯಳು: ತೆಗೆಯಲಿಲ್ಲ ಆಂಟಿ. ಬ್ರೋಕರ್ ಮೊದಲು ಕಳಿಸಿದ್ದ ನಾಲ್ಕು ಫೋಟೊ ಇದೆ ಅಷ್ಟೆ.

ಹಿರಿಯರು: ಅದು ಒಳ್ಳೇದೇ, ಇಟ್ಟುಕೋ. ಹಾಲುಕ್ಕಿಸಿದ ದಿನ ಫೋಟೊ ತೆಗೆದಿರಲ್ವಾ? ಅಮ್ಮ ಒಲೆ ಮುಂದೆ ನಿಂತಿರೋದು, ಹಿಂದೆ ಅಡುಗೆಮನೆ ಟೈಲ್ಸ್, ಕಿಟಕಿ ಎಲ್ಲಾ ಬಂದಿರುತ್ತೆ. ಖಾಲಿ ಮನೆಯಲ್ಲಿ ಊರಿಗೆ ವಿಡಿಯೊ ಕಾಲ್ ಮಾಡಿ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದೂ ಉಪಯೋಗಕ್ಕೆ ಬರುತ್ತೆ. ಮನೆ ತೋರಿಸೋಕೆ ಅಂತ ತೆಗೆಯದೇ ಇರೋ ಫೋಟೊದಲ್ಲೂ ಗೋಡೆ ಕಾಣುತ್ತೆ. ಆ ದಿನಾಂಕದ ಫೋಟೊಗಳನ್ನೆಲ್ಲ ಒಂದು ಕಡೆ ಸೇರಿಸು.

ಕಿರಿಯಳು: ಶನಿವಾರದ ಫೋಟೊ ಹೇಗೆ ತೆಗೀಬೇಕು?

ಹಿರಿಯರು: ಸಾಮಾನೆಲ್ಲ ಇಳಿಸಿ, ಗುಡಿಸಿ ಒರೆಸಿದ ಮೇಲೆ, ಬೀಗ ಹಾಕೋಕೆ ಮುಂಚೆ. ಬೆಳಗಿನ ಹೊತ್ತು, ಕಿಟಕಿ ತೆಗೆದು, ಲೈಟನ್ನೂ ಹಾಕಿ. ಪ್ರತಿ ರೂಮಿಗೂ ಎದುರುಬದುರು ಎರಡು ಮೂಲೆಯಿಂದ ಒಂದೊಂದು ಅಗಲದ ಫೋಟೊ ತೆಗಿ. ನಾಲ್ಕೂ ಗೋಡೆ, ನೆಲ, ಚಾವಣಿ ಅದರಲ್ಲೇ ಬರಬೇಕು. ಆಮೇಲೆ ದೋಷ ಇರೋ ಕಡೆ ಹತ್ತಿರದ ಫೋಟೊ. ಬರೀ ಹತ್ತಿರದ ಫೋಟೊ ತೆಗೆದರೆ ಅದು ಯಾವ ಮನೆಯ ಯಾವ ಗೋಡೆ ಅಂತಾನೇ ಗೊತ್ತಾಗಲ್ಲ. ಅದಕ್ಕೆ ಎರಡು ಹೆಜ್ಜೆ ಹಿಂದೆ ಬಂದು ಪಕ್ಕದ ಕಿಟಕಿನೋ ಸ್ವಿಚ್‌ಬೋರ್ಡೋ ಕಾಣೋ ಹಾಗೆ ಇನ್ನೊಂದು ತೆಗಿ. ಬಿರುಕು, ತೂತು ಇದ್ದರೆ ಪಕ್ಕಕ್ಕೆ ಒಂದು ನಾಣ್ಯ ಹಿಡಿ, ಎಷ್ಟು ದೊಡ್ಡದು ಅಂತ ತಿಳಿಯುತ್ತೆ.

ಕಿರಿಯಳು: ನಲ್ಲಿ, ಗೀಸರ್ ಇವೆಲ್ಲ ಫೋಟೊದಲ್ಲಿ ಗೊತ್ತಾಗಲ್ಲವಲ್ಲ.

ಹಿರಿಯರು: ಅದಕ್ಕೆ ಒಂದು ವಿಡಿಯೊ. ಬಾಗಿಲಿನ ಹೊರಗಿರೋ ಮನೆ ನಂಬರಿಂದ ಶುರು ಮಾಡಿ, ಎಲ್ಲೂ ನಿಲ್ಲಿಸದೆ ಬಾಲ್ಕನಿ ತನಕ ಹೋಗು. ದಾರಿಯಲ್ಲಿ ನಲ್ಲಿ ತಿರುಗಿಸು, ಫ್ಲಶ್ ಒತ್ತು, ಗೀಸರ್ ದೀಪ ಹತ್ತೋದು ತೋರಿಸು, ಫ್ಯಾನು ಲೈಟು ಹಾಕು, ಸಿಂಕ್ ಕೆಳಗಿನ ಬಾಗಿಲು ತೆಗೆದು ಪೈಪ್ ತೋರಿಸು, ವಾರ್ಡ್‌ರೋಬ್ ಒಳಗೆ ತೋರಿಸು. ಎರಡು ಮೂರು ನಿಮಿಷದ ಕೆಲಸ. ಹೋದ ವರ್ಷ ನಮ್ಮ ಮೊದಲ ಮಹಡಿಯವರು ಹೀಗೆ ವಿಡಿಯೊ ಮಾಡಿ ಕೊಟ್ಟಿದ್ದರು. ಹೊಸದಾಗಿ ಬಂದವರು ಗೀಸರ್ ಮೊದಲಿಂದಲೇ ಕೆಲಸ ಮಾಡ್ತಿರಲಿಲ್ಲ ಅಂದಾಗ ನಾನು ಆ ವಿಡಿಯೊ ತೋರಿಸಿದೆ, ಮಾತು ಅಲ್ಲಿಗೆ ಮುಗೀತು. ಓನರ್‌ಗೂ ಇದರಿಂದ ಎಷ್ಟು ಅನುಕೂಲ ನೋಡು.

ಕಿರಿಯಳು: ಕರೆಂಟ್ ಮೀಟರ್?

ಹಿರಿಯರು: ಅದು ಮರೀಬಾರದು. ಬೆಸ್ಕಾಂ ಮೀಟರಿನ ರೀಡಿಂಗು, ಮೀಟರ್ ನಂಬರು ಎರಡೂ ಒಂದೇ ಫೋಟೊದಲ್ಲಿ ಬರಬೇಕು. ಕೆಳಗೆ ಸಾಲಾಗಿ ಆರು ಮೀಟರ್ ಇರುತ್ತೆ, ನಂಬರ್ ಇಲ್ಲದಿದ್ದರೆ ಯಾರದ್ದು ಅಂತ ಗೊತ್ತಾಗಲ್ಲ. ಗೃಹಜ್ಯೋತಿ ನಿನ್ನ ಆಧಾರ್‌ಗೆ ಜೋಡಿಸಿದ್ದರೆ ಈ ಮನೆಯ ಜೋಡಣೆ ಬಿಡಿಸು, ಇಲ್ಲದಿದ್ದರೆ ಹೊಸ ಮನೆಗೆ ಹಾಕೋವಾಗ ತೊಡಕಾಗುತ್ತೆ. ಕೊನೇ ಫೋಟೊ ಕೀಗಳದ್ದು. ಅಡುಗೆ ಕಟ್ಟೆ ಮೇಲೆ ಎಲ್ಲಾ ಕೀ ಹರಡಿ, ಎಣಿಸೋಕೆ ಬರೋ ಹಾಗೆ ತೆಗಿ.

ಕಿರಿಯಳು: ಫೋಟೊ ಮೇಲೆ ದಿನಾಂಕ ಬರೋ ಹಾಗೆ ಸೆಟಿಂಗ್ ಮಾಡ್ಲಾ?

ಹಿರಿಯರು: ಮಾಡು, ನೋಡೋರಿಗೆ ಸುಲಭ. ಆದರೆ ಅದನ್ನೇ ನಂಬಿಕೊಂಡು ಕೂರಬೇಡ. ಫೋನಿನ ಗಡಿಯಾರ ತಿರುಗಿಸಿದರೆ ಆ ದಿನಾಂಕವೂ ತಿರುಗುತ್ತೆ. ಫೋಟೊ ಫೈಲಿನ ಒಳಗೂ ತೆಗೆದ ದಿನ, ಗಂಟೆ ಬರೆದಿರುತ್ತೆ, ಅದನ್ನೂ ಬದಲಾಯಿಸಬಹುದು. ಗಟ್ಟಿಯಾದ ದಿನಾಂಕ ಅಂದ್ರೆ ಆ ಫೋಟೊ ಇನ್ನೊಬ್ಬರ ಫೋನಿಗೆ ತಲುಪಿದ ದಿನಾಂಕ. ಶನಿವಾರ ಹನ್ನೊಂದು ಗಂಟೆಗೆ ಅವರ ಕೈ ಸೇರಿದ ಫೋಟೊನ ನೀನು ಭಾನುವಾರ ತೆಗೆದಿರೋಕೆ ಸಾಧ್ಯ ಇಲ್ಲ. ಅವರ ಹತ್ತಿರ ಇರೋ ಪ್ರತಿಯನ್ನ ನೀನು ತಿದ್ದೋಕೆ ಆಗಲ್ಲ, ನಿನ್ನ ಹತ್ತಿರ ಇರೋದನ್ನ ಅವರು ತಿದ್ದೋಕೆ ಆಗಲ್ಲ. ಎರಡೂ ಕಡೆ ಒಂದೇ ಫೋಟೊ ಇರೋದರಲ್ಲೇ ಅದರ ಬಲ ಇರೋದು. ಅದಕ್ಕೇ ಅವತ್ತೇ ಕಳಿಸಬೇಕು ಅನ್ನೋದು. ತೆಗೆದು ಫೋನಲ್ಲಿಟ್ಟುಕೊಂಡು, ಜಗಳ ಶುರುವಾದ ಮೇಲೆ ಹೊರಗೆ ತೆಗೆದರೆ ಅರ್ಧ ಬೆಲೆ ಹೋಯ್ತು.

ಕಿರಿಯಳು: ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕಾ?

ಹಿರಿಯರು: ಸಾಕು, ಆದರೆ ಕಳಿಸೋ ರೀತಿ ನೋಡಿಕೋ. ಮಾಮೂಲಿ ಫೋಟೊ ಥರ ಕಳಿಸಿದರೆ ವಾಟ್ಸಾಪ್ ಅದನ್ನ ಕುಗ್ಗಿಸುತ್ತೆ, ಫೈಲಿನ ಒಳಗಿದ್ದ ದಿನಾಂಕವೂ ಹೋಗುತ್ತೆ. 'ಡಾಕ್ಯುಮೆಂಟ್' ಆಯ್ಕೆಯಲ್ಲಿ ಕಳಿಸಿದರೆ ಮೂಲ ಫೈಲ್ ಹಾಗೇ ಹೋಗುತ್ತೆ. ಮೆಸೇಜ್ ತಾನಾಗೇ ಅಳಿಸಿಹೋಗೋ ಸೆಟಿಂಗ್ ನಿಮ್ಮಿಬ್ಬರ ಚಾಟ್‌ನಲ್ಲಿ ಇದೆಯಾ ಅಂತ ಮೊದಲು ನೋಡು, ಇದ್ದರೆ ತೆಗಿ. ಅದೇ ಮೆಸೇಜ್, ಅದೇ ಫೋಟೊಗಳನ್ನ ಇಮೇಲ್‌ನಲ್ಲೂ ಕಳಿಸು. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ಅಟ್ಯಾಚ್‌ಮೆಂಟ್ ಬದಲು ಡ್ರೈವ್ ಲಿಂಕ್ ಹೋಗುತ್ತೆ. ಲಿಂಕ್ ನೀನು ಯಾವತ್ತಾದ್ರೂ ಅಳಿಸಿದರೆ ಅವರ ಕೈಲಿ ಏನೂ ಉಳಿಯಲ್ಲ. ಅದಕ್ಕೆ ಎರಡು ಮೂರು ಮೇಲ್ ಆದರೂ ಪರವಾಗಿಲ್ಲ, ಫೋಟೊನೇ ಹೋಗಲಿ.

ಕಿರಿಯಳು: ಮುಂದೆ ಕೋರ್ಟು ಗೀರ್ಟು ಅಂತಾದ್ರೆ ಇದೆಲ್ಲ ನಡೆಯುತ್ತಾ?

ಹಿರಿಯರು: ಅಲ್ಲಿ ತನಕ ಹೋಗದೇ ಇರಲಿ ಅಂತಾನೇ ಇಷ್ಟೆಲ್ಲ ಮಾಡೋದು. ಹೋದರೂ ನಡೆಯುತ್ತೆ. 2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಸೆಕ್ಷನ್ ಪ್ರಕಾರ ಫೋನಿನ ಫೋಟೊ, ಮೆಸೇಜಿನ ಪ್ರತಿಯನ್ನ ಸಾಕ್ಷಿಯಾಗಿ ಕೊಡುವಾಗ ಒಂದು ಪ್ರಮಾಣಪತ್ರ ಜೊತೆಗಿರಬೇಕು. ಅದನ್ನ ವಕೀಲರು ಮಾಡಿಸ್ತಾರೆ. ನಿನ್ನ ಕೆಲಸ ಮೂಲ ಫೈಲುಗಳನ್ನ ಕಳೆದುಕೊಳ್ಳದೆ ಇಡೋದು. ಬಾಕಿ ಹಣಕ್ಕೆ ದಾವೆ ಹಾಕೋಕೆ ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ ಇರುತ್ತೆ, ಅಲ್ಲಿ ತನಕ ಅಳಿಸಬೇಡ.

ಕಿರಿಯಳು: ಸರಿ, ಈಗ ಮೆಸೇಜ್ ಬರೆಯೋಣ. ನೀವು ಹೇಳಿ, ನಾನು ಟೈಪ್ ಮಾಡ್ತೀನಿ.

ಹಿರಿಯರು: ಬರಿ. ಗಂಟೆ, ರೀಡಿಂಗು, ಫೋಟೊ ನಂಬರು ಈಗ ಮಾದರಿಗೆ ಅಷ್ಟೆ, ಶನಿವಾರ ನಿಜವಾದದ್ದನ್ನ ತುಂಬಿಕೋ. "ನಮಸ್ಕಾರ ಸರ್. ಇವತ್ತು, 31 ಮೇ 2025, ಶನಿವಾರ ಬೆಳಗ್ಗೆ 11.15ಕ್ಕೆ ಎರಡನೇ ಮಹಡಿಯ ಮನೆಯನ್ನು ಪೂರ್ತಿ ಖಾಲಿ ಮಾಡಿ, ನೀವು ಹೇಳಿದಂತೆ ನಿಮ್ಮ ತಮ್ಮನವರ ಕೈಗೆ ಕೀ ಕೊಟ್ಟಿದ್ದೇನೆ. ಮುಂಬಾಗಿಲಿನದು 3, ಬೆಡ್‌ರೂಮಿನದು 1, ವಾರ್ಡ್‌ರೋಬಿನದು 2, ಗೇಟಿನದು 1, ಒಟ್ಟು 7 ಕೀ. ನನ್ನ ಬಳಿ ಬೇರೆ ನಕಲಿ ಕೀ ಇಲ್ಲ. ಮನೆಯಲ್ಲಿ ನನ್ನ ಯಾವ ಸಾಮಾನೂ ಉಳಿದಿಲ್ಲ."

ಕಿರಿಯಳು: ನಕಲಿ ಕೀ ಇಲ್ಲ ಅಂತ ಯಾಕೆ?

ಹಿರಿಯರು: ಓನರ್‌ಗೆ ಇರೋ ಒಂದು ಭಯ ಅದು, ಕೇಳೋಕೆ ಸಂಕೋಚ ಪಡ್ತಾರೆ. ನೀನೇ ಹೇಳಿಬಿಟ್ಟರೆ ನಿನ್ನ ಮೇಲೆ ನಂಬಿಕೆ ಬರುತ್ತೆ. ಸಾಮಾನು ಉಳಿದಿಲ್ಲ ಅನ್ನೋದೂ ಹಾಗೇ. ನಾಳೆ ನೀನು ನನ್ನ ಮಿಕ್ಸಿ ಅಲ್ಲೇ ಇತ್ತು ಅನ್ನಲ್ಲ, ಅವರು ನಿನ್ನ ಕಸ ಎತ್ತಿಸಿದೆ ಅನ್ನಲ್ಲ. ಮುಂದೆ ಬರಿ. "ಕರೆಂಟ್ ಮೀಟರ್ ರೀಡಿಂಗ್ 4812. ಹಿಂದಿನ ಬಿಲ್ಲಿನಲ್ಲಿ 4730 ಇತ್ತು. ಈ 82 ಯೂನಿಟ್ ನಮ್ಮದು. ಮನೆಯ ಇವತ್ತಿನ ಸ್ಥಿತಿಯ 24 ಫೋಟೊ, ಒಂದು ವಿಡಿಯೊ ಇದರ ಜೊತೆ ಇವೆ, ನೀವೂ ಇಟ್ಟುಕೊಳ್ಳಿ. ಅಡುಗೆಮನೆ ಕಿಟಕಿಯ ಸೊಳ್ಳೆ ಪರದೆ ನಮ್ಮಿಂದ ಹರಿದಿದೆ, 9ನೇ ಫೋಟೊ. ಬಾತ್‌ರೂಮ್ ಬಾಗಿಲಿನ ಕೆಳಗಂಚು ನೀರಿಗೆ ಉಬ್ಬಿದೆ, 14ನೇ ಫೋಟೊ. ಬೆಡ್‌ರೂಮ್ ಮೂಲೆಯ ತೇವದ ಕಲೆ, 17 ಮತ್ತು 18ನೇ ಫೋಟೊ, ಕಳೆದ ಮಳೆಗಾಲದಲ್ಲೇ ನಿಮಗೆ ತಿಳಿಸಿದ್ದೆ."

ಕಿರಿಯಳು: ಪರದೆ ವಿಷಯ ನಾನಾಗೇ ಹೇಳಬೇಕಾ? ಅವರು ಗಮನಿಸದೇ ಇರಬಹುದಲ್ಲ.

ಹಿರಿಯರು: ಹೇಳಲೇಬೇಕು. ನಿನ್ನದನ್ನ ನೀನೇ ಒಪ್ಪಿಕೊಂಡರೆ ತೇವದ ಕಲೆ ನನ್ನದಲ್ಲ ಅನ್ನೋ ಮಾತಿಗೂ ತೂಕ ಬರುತ್ತೆ. ಪರದೆ ಬಚ್ಚಿಟ್ಟ ಫೋಟೊ ಸರಣಿ ಕಳಿಸಿ, ಆಮೇಲೆ ಅವರು ಹರಿದಿದ್ದು ನೋಡಿದರೆ ಉಳಿದ 23 ಫೋಟೊ ಮೇಲೂ ಅನುಮಾನ ಬರುತ್ತೆ. ಇನ್ನೊಂದು ವಿಷಯ. ಯಾರು ಸರಿ, ಯಾರು ತಪ್ಪು ಅನ್ನೋ ವಾದ ಈ ಮೆಸೇಜಲ್ಲಿ ಬೇಡ. ಏನಿದೆ, ಎಲ್ಲಿದೆ, ಯಾವ ಫೋಟೊದಲ್ಲಿದೆ ಅಷ್ಟೆ. ಬಾಡಿಗೆ ಜಾಸ್ತಿ ಮಾಡಿದ್ರಿ, ನೀರು ಬಿಡ್ತಿರಲಿಲ್ಲ ಅಂತ ಹಳೇ ಬೇಜಾರು ಸೇರಿಸಿದರೆ ಅವರು ಅದಕ್ಕೇ ಉತ್ತರ ಬರೀತಾರೆ, ಫೋಟೊ ನೋಡಲ್ಲ.

ಕಿರಿಯಳು: ಅಡ್ವಾನ್ಸ್ ಲೆಕ್ಕ?

ಹಿರಿಯರು: ಅದು ಕೊನೇ ಪ್ಯಾರಾ. ಕರಾರಲ್ಲಿ ಏನಿದೆ?

ಕಿರಿಯಳು: ಅಡ್ವಾನ್ಸ್ ಒಂದು ಲಕ್ಷ. ಬಾಡಿಗೆ 18 ಸಾವಿರ, ಮೇ ತಿಂಗಳದ್ದು ಕೊಟ್ಟಾಗಿದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯೋದು ಅಂತಿದೆ.

ಹಿರಿಯರು: ನಮ್ಮ ಊರಿನ ಪದ್ಧತಿ ಅದು, ಕರಾರಿಗೆ ಸಹಿ ಹಾಕಿದ್ದೀಯ, ಕೊಡಬೇಕು. ಆದರೆ ಪೇಂಟಿಂಗ್‌ಗೆ 18 ಸಾವಿರ ಕೊಟ್ಟ ಮೇಲೆ ಗೋಡೆ ಕಲೆ, ಮೊಳೆ ತೂತು ಮುಚ್ಚೋಕೆ ಅಂತ ಮತ್ತೆ ಬೇರೆ ಕೇಳೋದು ನ್ಯಾಯ ಅಲ್ಲ. ಗೋಡೆ ಕೆಲಸವೆಲ್ಲ ಅದರಲ್ಲೇ ಬಂತು. ಪರದೆ ಹಾಕಿಸೋಕೆ ಅಂಗಡಿಯಲ್ಲಿ ಕೇಳಿದ್ದೀಯಾ?

ಕಿರಿಯಳು: 1,200 ಅಂದ್ರು.

ಹಿರಿಯರು: ಕರೆಂಟಿಗೆ ಅಂದಾಜು 800 ಹಿಡಿ, ಬಿಲ್ ಬಂದ ಮೇಲೆ ಹೆಚ್ಚು ಕಮ್ಮಿ ಸರಿ ಮಾಡಿಕೊಳ್ಳಬಹುದು. ಬರಿ. "ಕರಾರಿನ ಪ್ರಕಾರ ಪೇಂಟಿಂಗ್ 18,000, ಪರದೆ 1,200, ಕರೆಂಟ್ ಅಂದಾಜು 800, ಒಟ್ಟು 20,000 ಕಳೆದು ಅಡ್ವಾನ್ಸ್ ಬಾಕಿ 80,000 ರೂಪಾಯಿ. ಬೇರೆ ಯಾವುದಾದರೂ ಕಡಿತ ಇದ್ದರೆ ಯಾವುದಕ್ಕೆ ಎಂದು ಫೋಟೊ, ಬಿಲ್ ಸಮೇತ ತಿಳಿಸಿ. ಕೀ ಸಿಕ್ಕಿದೆ, ಫೋಟೊ ನೋಡಿದ್ದೇನೆ ಎಂದು ಒಂದು ಸಾಲು ಉತ್ತರ ಕಳಿಸಿ, ಹಣ ಯಾವ ದಿನ ಹಾಕುತ್ತೀರಿ ಎಂದೂ ತಿಳಿಸಿ." ಇಷ್ಟೇ. ಕೆಳಗೆ ನಿನ್ನ ಹೆಸರು, ಬ್ಯಾಂಕ್ ವಿವರ.

ಕಿರಿಯಳು: ಕೆಲವು ಓನರ್‌ಗಳು ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೇ ಹಳಬರದ್ದು ಕೊಡೋದು ಅಂತಾರೆ. ಹಾಗಂದ್ರೆ ಕೀ ಕೊಡದೇ ಇಟ್ಟುಕೊಳ್ಳಬಹುದಾ?

ಹಿರಿಯರು: ದುಡ್ಡು, ಕೀ ಎರಡೂ ಒಟ್ಟಿಗೇ ಕೈ ಬದಲಾದರೆ ಎಲ್ಲಕ್ಕಿಂತ ಒಳ್ಳೇದು. ಅದನ್ನ ನೋಟಿಸ್ ಕೊಡೋವಾಗಲೇ ಮಾತಾಡಿಕೊಳ್ಳಬೇಕು. ಆದರೆ ಕರಾರಲ್ಲಿ ಅಂಥ ಷರತ್ತಿಲ್ಲದೆ ಕೀ ಹಿಡಿದು ಕೂತರೆ ಮನೆ ಇನ್ನೂ ನಿನ್ನ ಸ್ವಾಧೀನದಲ್ಲೇ ಇದೆ, ಬಾಡಿಗೆ ಕೊಡು ಅಂತ ಅವರು ಕೇಳಬಹುದು. 80 ಸಾವಿರಕ್ಕೆ ಅಂತ ತಿಂಗಳಿಗೆ 18 ಸಾವಿರ ಓಡಿಸಿಕೊಂಡ ಹಾಗಾಗುತ್ತೆ. ಅಂಥ ಹೊತ್ತಲ್ಲಿ ಹಣ ಕೊಡೋ ದಿನಾಂಕವನ್ನ ಬರಹದಲ್ಲಿ ಪಡೆದುಕೊಂಡು ಕೀ ಕೊಡೋದು ಲೇಸು.

ಕಿರಿಯಳು: ಉತ್ತರಾನೇ ಬರದಿದ್ದರೆ?

ಹಿರಿಯರು: ಅವರ ತಮ್ಮ ಕೀ ತಗೊಳ್ಳುವಾಗಲೇ ಅವರನ್ನ ಜೊತೆಗೆ ಕರೆದುಕೊಂಡು ಒಂದು ಸುತ್ತು ತೋರಿಸು. "7 ಕೀ ತಗೊಂಡೆ" ಅಂತ ಅವರ ಫೋನಿಂದ ನಿನಗೊಂದು ಮೆಸೇಜ್ ಹಾಕಿಸಿಕೋ. ಅಷ್ಟಾದರೆ ಓನರ್ ಒಂದು ವಾರ ಸುಮ್ಮನಿದ್ದರೂ ಸ್ವಾಧೀನದ ವಿಷಯದಲ್ಲಿ ಗೊಂದಲ ಇರಲ್ಲ. ವಾರ ಕಳೆದ ಮೇಲೆ ಅದೇ ಮೆಸೇಜನ್ನ ಉಲ್ಲೇಖಿಸಿ ಒಂದು ನೆನಪೋಲೆ. ಅದಕ್ಕೂ ಉತ್ತರ ಇಲ್ಲದಿದ್ದರೆ ಪ್ರಿಂಟ್ ತೆಗೆದು ಸ್ಪೀಡ್ ಪೋಸ್ಟ್ ಮಾಡು, ಆಮೇಲೆ ವಕೀಲರ ನೋಟಿಸ್. ಹೆಚ್ಚಿನವರದ್ದು ಅಲ್ಲಿ ತನಕ ಹೋಗಲ್ಲ. ಯಾವುದು ಯಾರದ್ದು ಅಂತ ಇಬ್ಬರ ಫೋನಲ್ಲೂ ಇದ್ದಾಗ ಎಳೆದಾಡೋಕೆ ವಿಷಯವೇ ಉಳಿದಿರಲ್ಲ.

ಕಿರಿಯಳು: ಇಷ್ಟು ಫೋಟೊ, ಪಟ್ಟಿ ನೋಡಿ ಓನರ್ ಬೇಜಾರು ಮಾಡ್ಕೊಳ್ಳಲ್ವಾ? ನಮ್ಮನ್ನ ನಂಬಲಿಲ್ಲ ಅಂತ?

ಹಿರಿಯರು: ನಾನು ಓನರ್ ಆಗಿ ಹೇಳ್ತೀನಿ ಕೇಳು. ನನಗೆ ಇಂಥ ಮೆಸೇಜ್ ಬಂದರೆ ಅವತ್ತೇ ಲೆಕ್ಕ ಮಾಡಿ ದುಡ್ಡು ಹಾಕೋಕೆ ಧೈರ್ಯ ಬರುತ್ತೆ. ನಾವು ಅಡ್ವಾನ್ಸ್ ಹಿಡಿದಿಟ್ಟುಕೊಳ್ಳೋದು ಎಷ್ಟೋ ಸಲ ದುರಾಸೆಗಲ್ಲ, ಒಳಗೆ ಏನು ಹಾಳಾಗಿದೆಯೋ ಅನ್ನೋ ಅಂಜಿಕೆಗೆ. ಆ ಅಂಜಿಕೆಯನ್ನ ನೀನೇ ಕಳೆದುಕೊಟ್ಟ ಹಾಗೆ. ಮಾಲೀಕರಿಗೂ ನಾನು ಹೇಳೋದು ಇದನ್ನೇ: ಬಾಡಿಗೆದಾರರು ಕಳಿಸದಿದ್ದರೆ ನೀವೇ ಕೀ ತಗೊಳ್ಳೋ ದಿನ ಅವರನ್ನ ನಿಲ್ಲಿಸಿಕೊಂಡು ಫೋಟೊ ತೆಗೆದು ಅವರಿಗೆ ಕಳಿಸಿ. ಹೊಸಬರು ಬರೋ ದಿನವೂ ಹಾಗೇ ಮಾಡಿ. ಕೀ ಕೈ ಬದಲಾಗೋ ಮೊದಲು ಫೋಟೊ, ಬದಲಾದ ಹತ್ತು ನಿಮಿಷದೊಳಗೆ ಮೆಸೇಜ್, ಅವತ್ತೇ ಒಂದು ಸಾಲಿನ ಉತ್ತರ. ಇಷ್ಟನ್ನ ಎರಡೂ ಕಡೆಯವರು ಪಾಲಿಸಿದರೆ ಅಡ್ವಾನ್ಸ್ ಜಗಳದಲ್ಲಿ ಬಹುಪಾಲು ಶುರುವಾಗೋದೇ ಇಲ್ಲ.